ಬಿಲ್ ಬಂದ ದಿನ ಹಳೆಯ ದೃಶ್ಯ ಸಿಗುತ್ತದೆಯೇ?
ಸಂಘದ ಮತ್ತು ಕೊಟ್ಟಿಗೆಯ ಕ್ಯಾಮೆರಾ: ರೆಕಾರ್ಡ್ ಮಾಡುವ ಮೂರು ವಿಧಾನ, ಉಳಿಯುವ ದಿನಗಳು, ತಪ್ಪಿಹೋಗುವ ಘಟನೆಗಳು

ಹಾಲಿನ ಬಟವಾಡೆ 15 ದಿನಕ್ಕೊಮ್ಮೆ ಆಗುವ ಸಂಘವೊಂದನ್ನು ಎಣಿಸಿಕೊಳ್ಳಿ. ಬಿಲ್ ಕೈಗೆ ಬಂದಾಗ ಒಬ್ಬ ಸದಸ್ಯೆಗೆ ಅನುಮಾನ ಬರುತ್ತದೆ. 2ನೇ ತಾರೀಕಿನ ಬೆಳಿಗ್ಗೆ ತಾನು ಹಾಕಿದ್ದು ಎಂಟೂವರೆ ಲೀಟರ್, ಬಿಲ್ಲಿನಲ್ಲಿ ಇರುವುದು ಆರೂವರೆ. ಕಾರ್ಯದರ್ಶಿ ಪುಸ್ತಕ ತೋರಿಸುತ್ತಾರೆ, ಪುಸ್ತಕದಲ್ಲೂ ಆರೂವರೆಯೇ ಇದೆ. "ಕ್ಯಾಮೆರಾ ಇದೆಯಲ್ಲ, ನೋಡೇ ಬಿಡೋಣ" ಎಂದು ಎಲ್ಲರೂ ರೆಕಾರ್ಡರ್ ಮುಂದೆ ಕೂರುತ್ತಾರೆ. ಅದರಲ್ಲಿ 5ನೇ ತಾರೀಕಿನಿಂದ ಈಚೆಗಿನ ದೃಶ್ಯ ಮಾತ್ರ ಇದೆ. ಕ್ಯಾಮೆರಾ ಕೆಟ್ಟಿಲ್ಲ, ಯಾರೂ ಅಳಿಸಿಯೂ ಇಲ್ಲ. ಡಿಸ್ಕ್ ತುಂಬಿದ್ದರಿಂದ ಹಳೆಯದರ ಮೇಲೆ ಹೊಸದು ಬರೆದುಕೊಂಡಿದೆ, ಅಷ್ಟೆ. ಸದಸ್ಯೆಯ ಎರಡು ಲೀಟರ್ ಪ್ರಶ್ನೆ ಹಾಗೆಯೇ ಉಳಿಯುತ್ತದೆ, ಕಾರ್ಯದರ್ಶಿಯ ಮೇಲಿನ ಅನುಮಾನವೂ ಉಳಿಯುತ್ತದೆ.

ಇಂತಹ ಸಂದರ್ಭದಲ್ಲಿ ಉತ್ತರ ಸಿಗುವುದೋ ಇಲ್ಲವೋ ಎನ್ನುವುದು ಕ್ಯಾಮೆರಾದ ಬೆಲೆಗಿಂತ ಹೆಚ್ಚಾಗಿ ಒಂದು ಸೆಟ್ಟಿಂಗ್ ಮೇಲೆ ನಿಂತಿದೆ. ರೆಕಾರ್ಡರ್ ಯಾವಾಗ ಬರೆದುಕೊಳ್ಳಬೇಕು ಎನ್ನುವ ಸೆಟ್ಟಿಂಗ್ ಅದು. ಕ್ಯಾಮೆರಾ ಹಾಕಲು ಬಂದ ಹುಡುಗ "ಅಕ್ಕಾ, ಮೋಷನ್‌ಗೆ ಹಾಕಿದೀನಿ, ಒಂದು ತಿಂಗಳು ಬರುತ್ತೆ" ಎಂದು ಹೇಳಿ ಹೋಗುತ್ತಾನೆ. ಆ ಮಾತಿನ ಅರ್ಥವೇನು, ಅದರಿಂದ ಏನು ಉಳಿಯುತ್ತದೆ, ಏನು ತಪ್ಪುತ್ತದೆ ಎಂದು ಆಡಳಿತ ಮಂಡಳಿಯ ಸದಸ್ಯೆಯರಿಗೂ, ಮನೆಯ ಕೊಟ್ಟಿಗೆಗೆ ಕ್ಯಾಮೆರಾ ಹಾಕಿಸಿಕೊಂಡವರಿಗೂ ಗೊತ್ತಿರಬೇಕು.

ಮೂರು ವಿಧಾನಗಳು

ಮೊದಲನೆಯದು ನಿರಂತರ ರೆಕಾರ್ಡಿಂಗ್. ಕರೆಂಟ್ ಇರುವಷ್ಟು ಹೊತ್ತು, ಹಗಲು ರಾತ್ರಿ, ಏನಾದರೂ ನಡೆಯಲಿ ಬಿಡಲಿ, ಎಲ್ಲವನ್ನೂ ಬರೆದುಕೊಳ್ಳುತ್ತದೆ. ಎರಡನೆಯದು ಚಲನೆ ಆಧರಿಸಿದ ರೆಕಾರ್ಡಿಂಗ್, ಎಲ್ಲರೂ ಮೋಷನ್ ಎನ್ನುವುದು ಇದನ್ನೇ. ಚಿತ್ರದಲ್ಲಿ ಏನಾದರೂ ಬದಲಾದಾಗ ಮಾತ್ರ ಬರೆದುಕೊಳ್ಳುತ್ತದೆ, ಉಳಿದ ಹೊತ್ತು ಸುಮ್ಮನಿರುತ್ತದೆ. ಮೂರನೆಯದು ವೇಳಾಪಟ್ಟಿ ರೆಕಾರ್ಡಿಂಗ್. ವಾರದ ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಎಂದು ನಾವು ಹೇಳಿಕೊಟ್ಟ ಸಮಯದಲ್ಲಿ ಮಾತ್ರ ಬರೆದುಕೊಳ್ಳುತ್ತದೆ.

ಮೂರರಲ್ಲೂ ಡಿಸ್ಕ್ ತುಂಬಿದ ಮೇಲೆ ಸಾಮಾನ್ಯವಾಗಿ ಅತಿ ಹಳೆಯ ದೃಶ್ಯ ಅಳಿದು ಹೊಸದು ಅದರ ಜಾಗಕ್ಕೆ ಬರುತ್ತದೆ. ಸೆಟ್ಟಿಂಗ್‌ನಲ್ಲಿ ಇದರ ಹೆಸರು `Overwrite`. ಇದನ್ನು ನಿಲ್ಲಿಸಿಟ್ಟರೆ ಇನ್ನೂ ಕಷ್ಟ, ಏಕೆಂದರೆ ಡಿಸ್ಕ್ ತುಂಬಿದ ದಿನವೇ ರೆಕಾರ್ಡಿಂಗ್ ನಿಂತುಹೋಗುತ್ತದೆ. ಆದ್ದರಿಂದ ಇದು ಚಾಲೂ ಇರಲಿ. ನಾವು ಕೇಳಬೇಕಾದ ಪ್ರಶ್ನೆ ಇಷ್ಟೇ: ಹಳೆಯದು ಅಳಿಯುವುದು ಎಷ್ಟನೇ ದಿನಕ್ಕೆ?

ಡಿಸ್ಕಿನ ಲೆಕ್ಕ: ಹುಲ್ಲಿನ ಬಣವೆಯಂತೆ

ಬಣವೆಯಲ್ಲಿ ಎಷ್ಟು ಹುಲ್ಲಿದೆ, ದಿನಕ್ಕೆ ಎಷ್ಟು ಹಾಕುತ್ತೇವೆ ಎಂದು ಗೊತ್ತಿದ್ದರೆ ಎಷ್ಟು ದಿನ ಬರುತ್ತದೆ ಎಂದು ಹೇಳಬಹುದು. ಡಿಸ್ಕಿನ ಲೆಕ್ಕವೂ ಹಾಗೆಯೇ.

ಪ್ರತಿ ಕ್ಯಾಮೆರಾ ಸೆಕೆಂಡಿಗೆ ಎಷ್ಟು ಮಾಹಿತಿ ಕಳಿಸುತ್ತದೆ ಎನ್ನುವುದು ರೆಕಾರ್ಡರ್‌ನ ಸೆಟ್ಟಿಂಗ್‌ನಲ್ಲಿ `Bit Rate` ಎಂಬ ಹೆಸರಿನ ಎದುರು ಇರುತ್ತದೆ. ಅಲ್ಲಿ `2048` ಎಂದಿದ್ದರೆ ಒಂದು ಕ್ಯಾಮೆರಾ ಬಿಡದೆ ಬರೆದಾಗ 24 ಗಂಟೆಗೆ ಸುಮಾರು 22 ಜಿಬಿ ಜಾಗ ಹಿಡಿಯುತ್ತದೆ. ಗಂಟೆಗೆ ಒಂದು ಜಿಬಿಗಿಂತ ಸ್ವಲ್ಪ ಕಡಿಮೆ. ಈ ಲೆಕ್ಕದಲ್ಲಿ 1 ಟಿಬಿ ಡಿಸ್ಕಿನಲ್ಲಿ ಸುಮಾರು 1,080 ಗಂಟೆಗಳ ದೃಶ್ಯ ಹಿಡಿಸುತ್ತದೆ. ಈ ಒಂದು ಸಂಖ್ಯೆಯನ್ನು ನೆನಪಿಟ್ಟುಕೊಂಡರೆ ಸಾಕು, ಉಳಿದದ್ದೆಲ್ಲ ಸರಳ ಭಾಗಾಕಾರ. ನಿಮ್ಮಲ್ಲಿ `1024` ಎಂದಿದ್ದರೆ ಗಂಟೆಗಳು ಎರಡರಷ್ಟಾಗುತ್ತವೆ, `4096` ಎಂದಿದ್ದರೆ ಅರ್ಧವಾಗುತ್ತವೆ.

ಈಗ ಉದಾಹರಣೆಯ ಸಂಘಕ್ಕೆ ಬರೋಣ. ಅಲ್ಲಿ ನಾಲ್ಕು ಕ್ಯಾಮೆರಾಗಳಿವೆ. ಒಂದು, ಹಾಲು ತೂಗಿ ಪರೀಕ್ಷೆ ಮಾಡುವ ಮೇಜಿನ ಮೇಲೆ. ಎರಡನೆಯದು ಬಿಎಂಸಿ ಕೋಣೆಯಲ್ಲಿ. ಮೂರನೆಯದು ರಸ್ತೆಗೆ ಮುಖ ಮಾಡಿದ ಜಗುಲಿಯಲ್ಲಿ. ನಾಲ್ಕನೆಯದು ಪಶು ಆಹಾರದ ಗೋದಾಮಿನಲ್ಲಿ. ಡಿಸ್ಕ್ 1 ಟಿಬಿ, ಎಲ್ಲ ಕ್ಯಾಮೆರಾಗಳೂ `2048`.

ನಾಲ್ಕನ್ನೂ ನಿರಂತರಕ್ಕೆ ಹಾಕಿದರೆ ದಿನಕ್ಕೆ 4 ಸಲ 24, ಅಂದರೆ 96 ಗಂಟೆಗಳ ದೃಶ್ಯ. 1,080 ಅನ್ನು 96ರಿಂದ ಭಾಗಿಸಿದರೆ 11 ದಿನ ಸಿಗುತ್ತದೆ. ಆ 11 ದಿನಗಳಲ್ಲಿ ಏನೂ ತಪ್ಪುವುದಿಲ್ಲ. ಆದರೆ ಬಟವಾಡೆ 15 ದಿನಕ್ಕೊಮ್ಮೆ. ಬಿಲ್ ಬರುವ ಹೊತ್ತಿಗೆ ಮೊದಲ ನಾಲ್ಕು ದಿನಗಳ ದೃಶ್ಯ ಹೋಗಿರುತ್ತದೆ. ಮೇಲೆ ಹೇಳಿದ ಸದಸ್ಯೆಗೆ 2ನೇ ತಾರೀಕು ಸಿಗದಿದ್ದುದು ಇದರಿಂದಲೇ. ನಿರಂತರ ವಿಧಾನ ಎಲ್ಲವನ್ನೂ ನೋಡುತ್ತದೆ, ಆದರೆ ಬೇಗ ಮರೆಯುತ್ತದೆ.

ಬಿಟ್ ರೇಟ್ ಇಳಿಸಿ ದಿನಗಳನ್ನು ಹೆಚ್ಚಿಸಬಹುದಲ್ಲ ಎಂದು ಕೇಳಬಹುದು. ಹೆಚ್ಚಿಸಬಹುದು, ಆದರೆ ಚಿತ್ರ ಮಸುಕಾಗುತ್ತದೆ. ತೂಕದ ಯಂತ್ರದ ಅಂಕಿ ಆರೋ ಎಂಟೋ ಎಂದು ಓದಲಾಗದಿದ್ದರೆ ಎರಡು ತಿಂಗಳ ದೃಶ್ಯ ಇದ್ದರೂ ಪ್ರಯೋಜನವಿಲ್ಲ. ಅದಕ್ಕಿಂತ `H.264` ಎಂದಿರುವ ಕಡೆ `H.265` ಆಯ್ಕೆ ಇದ್ದರೆ ಅದನ್ನು ಹಾಕಿಸಿ. ಇದು ದೃಶ್ಯವನ್ನು ಇನ್ನೂ ಒತ್ತಾಗಿ ಮಡಚಿಡುವ ವಿಧಾನ. ಇದರಲ್ಲಿ ಬಿಟ್ ರೇಟನ್ನು ಸಾಕಷ್ಟು ಇಳಿಸಿದರೂ ಚಿತ್ರ ಹೆಚ್ಚು ಮಸುಕಾಗುವುದಿಲ್ಲ. ಇಳಿಸಿದ ಮೇಲೆ ಒಂದು ಲೋಟ ಹಾಲು ತೂಗಿ, ರೆಕಾರ್ಡ್ ಆದ ದೃಶ್ಯದಲ್ಲಿ ಅಂಕಿ ಓದಲು ಬರುತ್ತದೆಯೇ ಎಂದು ನೋಡಿಯೇ ಒಪ್ಪಿಕೊಳ್ಳಿ.

ವೇಳಾಪಟ್ಟಿ: ದಿನಗಳು ಹೆಚ್ಚು, ಬಾಗಿಲೂ ತೆರೆದಿರುತ್ತದೆ

ಹಾಲು ಸಂಗ್ರಹ ಬೆಳಿಗ್ಗೆ 6ರಿಂದ 8:30, ಸಂಜೆ 5ರಿಂದ 7:30. ನಾಲ್ಕೂ ಕ್ಯಾಮೆರಾಗಳನ್ನು ಈ ಐದು ಗಂಟೆಗೆ ಮಾತ್ರ ಇಟ್ಟರೆ ದಿನಕ್ಕೆ 20 ಗಂಟೆಗಳ ದೃಶ್ಯ. 1,080 ಅನ್ನು 20ರಿಂದ ಭಾಗಿಸಿದರೆ 54 ದಿನ. ಸುಮಾರು ನಾಲ್ಕು ಬಟವಾಡೆಯ ಕಾಲ ದೃಶ್ಯ ಉಳಿಯುತ್ತದೆ. ತೂಕದ ತಕರಾರಿಗೆ ಇದು ಚೆನ್ನಾಗಿಯೇ ಒದಗುತ್ತದೆ.

ಆದರೆ ವೇಳಾಪಟ್ಟಿಯ ಹೊರಗೆ ನಡೆದದ್ದು ಚೂರೂ ಇರುವುದಿಲ್ಲ. ಮಧ್ಯಾಹ್ನ ಟ್ಯಾಂಕರ್ ಬಂದು ಹಾಲು ತುಂಬಿಕೊಂಡು ಹೋದದ್ದು, ರಾತ್ರಿ ಗೋದಾಮಿನ ಬೀಗ ಮುರಿದದ್ದು, ನಡುರಾತ್ರಿ ಬಿಎಂಸಿ ಕಂಪ್ರೆಸರ್ ನಿಂತದ್ದು, ಯಾವುದೂ ಸಿಗುವುದಿಲ್ಲ. ಒಂದು ದಿನ ಸಂಗ್ರಹ ತಡವಾಗಿ 9 ಗಂಟೆಗೆ ಮುಗಿದರೆ ಕೊನೆಯ ಅರ್ಧ ಗಂಟೆಯೂ ಇಲ್ಲ. ಸಾಲಿನ ಕೊನೆಯಲ್ಲಿ ನಿಲ್ಲುವ ದೂರದ ಮನೆಯವರ ಹಾಲು ಅಳೆಯುವುದು ಆ ಅರ್ಧ ಗಂಟೆಯಲ್ಲೇ. ಅದಕ್ಕೆ ವೇಳಾಪಟ್ಟಿಯನ್ನು ಸಂಘದ ಸಮಯಕ್ಕೆ ಸರಿಯಾಗಿ ಕತ್ತರಿಸಬೇಡಿ. ಮುಂದೆ ಅರ್ಧ ಗಂಟೆ, ಹಿಂದೆ ಅರ್ಧ ಗಂಟೆಯಾದರೂ ಬಿಡಿ.

ವೇಳಾಪಟ್ಟಿ ಹಾಕುವಾಗ ಆಗುವ ಎರಡು ತೊಂದರೆಗಳನ್ನು ಮೊದಲೇ ತಿಳಿದಿರಿ. ಒಂದು, ವಾರದ ಏಳು ದಿನಗಳ ಚೌಕಳಿಯಲ್ಲಿ ಸೋಮವಾರಕ್ಕೆ ಮಾತ್ರ ಸಮಯ ತುಂಬಿ, `Copy` ಒತ್ತಿ ಉಳಿದ ದಿನಗಳಿಗೆ ಹಾಕುವುದನ್ನು ಬಿಟ್ಟಿರುತ್ತಾರೆ. ಮಂಗಳವಾರದಿಂದ ಹಳೆಯ ಸೆಟ್ಟಿಂಗೇ ನಡೆಯುತ್ತಿರುತ್ತದೆ ಅಥವಾ ಏನೂ ಬರೆಯುವುದಿಲ್ಲ. ಎರಡು, ರೆಕಾರ್ಡರ್‌ನ ಗಡಿಯಾರ. ಅದರೊಳಗೆ ಒಂದು ನಾಣ್ಯದಂತಹ ಸಣ್ಣ ಬ್ಯಾಟರಿ ಇರುತ್ತದೆ. ಅದು ಸತ್ತಿದ್ದರೆ ಪ್ರತಿ ಸಲ ಕರೆಂಟ್ ಹೋಗಿ ಬಂದಾಗ ತಾರೀಕು, ಸಮಯ ಎಲ್ಲ ತಪ್ಪುತ್ತದೆ. ಗಡಿಯಾರ ಆರು ಗಂಟೆ ಹಿಂದಿದ್ದರೆ ಬೆಳಿಗ್ಗೆ 6ರ ವೇಳಾಪಟ್ಟಿ ಮಧ್ಯಾಹ್ನ 12ಕ್ಕೆ ಶುರುವಾಗುತ್ತದೆ. ಖಾಲಿ ಮೇಜನ್ನು ಎರಡೂವರೆ ಗಂಟೆ ನಿಷ್ಠೆಯಿಂದ ರೆಕಾರ್ಡ್ ಮಾಡಿಟ್ಟಿರುತ್ತದೆ. ನಿರಂತರ ವಿಧಾನದಲ್ಲಿ ಗಡಿಯಾರ ತಪ್ಪಿದರೆ ದೃಶ್ಯ ಹುಡುಕುವುದು ಕಷ್ಟವಾಗುತ್ತದೆ, ಆದರೆ ದೃಶ್ಯ ಇರುತ್ತದೆ. ವೇಳಾಪಟ್ಟಿಯಲ್ಲಿ ಗಡಿಯಾರ ತಪ್ಪಿದರೆ ದೃಶ್ಯವೇ ಇರುವುದಿಲ್ಲ.

ಮೋಷನ್: ಕ್ಯಾಮೆರಾಗೆ ಚಲನೆ ಎಂದರೇನು?

ನಮಗೆ ಚಲನೆ ಎಂದರೆ ಮನುಷ್ಯ ಬಂದ, ಹಸು ಎದ್ದಿತು ಎಂಬ ಅರ್ಥ. ಸಾಮಾನ್ಯ ರೆಕಾರ್ಡರ್‌ಗೆ ಆ ಅರ್ಥ ಗೊತ್ತಿಲ್ಲ. ಅದು ಒಂದು ಚಿತ್ರವನ್ನು ಅದರ ಹಿಂದಿನ ಚಿತ್ರದ ಜೊತೆ ಹೋಲಿಸಿ, ಸಾಕಷ್ಟು ಜಾಗದಲ್ಲಿ ಬೆಳಕು ಅಥವಾ ಬಣ್ಣ ಬದಲಾಗಿದೆಯೇ ಎಂದಷ್ಟೇ ನೋಡುತ್ತದೆ. ಎಷ್ಟು ಬದಲಾದರೆ ಬರೆದುಕೊಳ್ಳಬೇಕು ಎನ್ನುವುದನ್ನು `Sensitivity` ಎಂಬಲ್ಲಿ ನಾವು ಹೇಳುತ್ತೇವೆ. ಇದರಿಂದ ಎರಡು ಬಗೆಯ ತೊಂದರೆ ಬರುತ್ತದೆ. ಬೇಡದ್ದು ಬರೆಯುವುದು ಒಂದು, ಬೇಕಾದದ್ದು ಬಿಡುವುದು ಇನ್ನೊಂದು.

ಮೊದಲು ಬೇಡದ್ದನ್ನು ನೋಡೋಣ. ನಮ್ಮ ಉದಾಹರಣೆಯಲ್ಲಿ ನಾಲ್ಕನ್ನೂ ಮೋಷನ್‌ಗೆ ಹಾಕಿದರೆ ತೂಕದ ಮೇಜು ದಿನಕ್ಕೆ 6 ಗಂಟೆ, ಬಿಎಂಸಿ ಕೋಣೆ 2 ಗಂಟೆ, ಗೋದಾಮು 1 ಗಂಟೆ ಬರೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಜಗುಲಿಯ ಕ್ಯಾಮೆರಾ ಮಾತ್ರ 18 ಗಂಟೆ ಬರೆಯುತ್ತದೆ. ಏಕೆಂದರೆ ಅದರ ಮುಂದೆ ರಸ್ತೆ ಇದೆ. ಬಸ್ಸು, ಬೈಕು, ನಾಯಿ, ಅಲುಗಾಡುವ ಬೇವಿನ ಮರದ ನೆರಳು, ಎಲ್ಲವೂ ಅದಕ್ಕೆ ಚಲನೆಯೇ. ಕತ್ತಲಾದ ಮೇಲೆ ಕ್ಯಾಮೆರಾದ ಪಕ್ಕದಲ್ಲೇ ಇರುವ ಸಣ್ಣ ದೀಪಗಳ ಬೆಳಕಿನಲ್ಲಿ ಹಾರುವ ಹುಳ, ಮಳೆ ಹನಿ, ಗಾಜಿನ ಮುಂದೆ ಕಟ್ಟಿದ ಜೇಡರ ಬಲೆ, ಇವೆಲ್ಲ ಬೆಳ್ಳಗೆ ದೊಡ್ಡದಾಗಿ ಹೊಳೆಯುತ್ತವೆ. ಒಟ್ಟು 27 ಗಂಟೆ, ಅಂದರೆ 40 ದಿನ. ಲೆಕ್ಕ ಚೆನ್ನಾಗಿ ಕಂಡರೂ ಡಿಸ್ಕಿನ ಮೂರರಲ್ಲಿ ಎರಡು ಪಾಲನ್ನು ರಸ್ತೆಯ ಓಡಾಟವೇ ತಿಂದಿದೆ. ಮಳೆಗಾಲದಲ್ಲಿ ಹುಳ ಹೆಚ್ಚಾದರೆ 40 ದಿನ ಇನ್ನೂ ಇಳಿಯುತ್ತದೆ. ಮೋಷನ್‌ನಲ್ಲಿ "ಇಷ್ಟು ದಿನ ಬರುತ್ತದೆ" ಎಂದು ಯಾರೂ ಖಚಿತವಾಗಿ ಹೇಳಲಾರರು. ಅದು ಕ್ಯಾಮೆರಾ ಮುಂದೆ ಏನು ಅಲುಗಾಡುತ್ತದೆ ಎನ್ನುವುದರ ಮೇಲೆ ಹೋಗುತ್ತದೆ.

ಇದಕ್ಕೆ ಪರಿಹಾರ ಸುಲಭ. ಮೋಷನ್ ಸೆಟ್ಟಿಂಗ್‌ನಲ್ಲಿ ಚಿತ್ರದ ಮೇಲೆ ಚೌಕಗಳ ಒಂದು ಬಲೆ ಕಾಣುತ್ತದೆ. ಯಾವ ಚೌಕಗಳಲ್ಲಿ ಚಲನೆಯನ್ನು ಗಮನಿಸಬೇಕು ಎಂದು ನಾವೇ ಗುರುತು ಹಾಕಬಹುದು. ರಸ್ತೆ ಮತ್ತು ಮರ ಬರುವ ಚೌಕಗಳನ್ನು ಅಳಿಸಿ, ಬಾಗಿಲು ಮತ್ತು ಮೆಟ್ಟಿಲು ಬರುವ ಚೌಕಗಳನ್ನು ಮಾತ್ರ ಉಳಿಸಿ. ರೆಕಾರ್ಡ್ ಆಗುವ ಚಿತ್ರ ಪೂರ್ತಿಯೇ ಇರುತ್ತದೆ, ಶುರು ಮಾಡುವ ಸೂಚನೆ ಮಾತ್ರ ಬಾಗಿಲಿನ ಕಡೆಯಿಂದ ಬರುತ್ತದೆ. 18 ಗಂಟೆ ಇದ್ದದ್ದು ನಾಲ್ಕೈದು ಗಂಟೆಗೆ ಇಳಿಯಬಹುದು. ಹುಳದ ಕಾಟಕ್ಕೆ ಕ್ಯಾಮೆರಾದಿಂದ ದೂರದಲ್ಲಿ ಒಂದು ಬಲ್ಬ್ ಹಾಕಿದರೆ ಹುಳ ಆ ಕಡೆ ಹೋಗುತ್ತದೆ. ಜೇಡರ ಬಲೆಯನ್ನು ವಾರಕ್ಕೊಮ್ಮೆ ಪೊರಕೆಯಿಂದ ತೆಗೆಯಬೇಕು.

ಈಗ ಬೇಕಾದದ್ದು ತಪ್ಪುವ ಬಗೆ. ಇದು ಹೆಚ್ಚು ಅಪಾಯದ್ದು, ಏಕೆಂದರೆ ತಪ್ಪಿದ್ದು ಕಣ್ಣಿಗೆ ಕಾಣುವುದಿಲ್ಲ. ಹಾಲು ಪರೀಕ್ಷೆ ಮಾಡುವವರು ಯಂತ್ರದ ಮುಂದೆ ಅಲುಗಾಡದೆ ನಿಂತು ಜಿಡ್ಡು, ಎಸ್‌ಎನ್‌ಎಫ್ ಬರುವುದನ್ನು ಕಾಯುತ್ತಿದ್ದಾರೆ. ಯಂತ್ರದ ಪರದೆಯ ಮೇಲೆ ಅಂಕಿ ಮೂಡುತ್ತದೆ. ನಮಗೆ ಅದೇ ಮುಖ್ಯ ಘಟನೆ. ಆದರೆ ಇಡೀ ಚಿತ್ರದಲ್ಲಿ ಅದು ಬೆರಳಿನ ಉಗುರಿನಷ್ಟು ಜಾಗದ ಬದಲಾವಣೆ. ಚಲನೆ ನಿಂತಿತು ಎಂದು ರೆಕಾರ್ಡರ್ ದೃಶ್ಯ ಮುಗಿಸಿರಬಹುದು. ಸಾಲು ದೊಡ್ಡದಿದ್ದಾಗ ಹಿಂದೆ ನಿಂತವರ ಓಡಾಟದಿಂದ ರೆಕಾರ್ಡಿಂಗ್ ನಡೆಯುತ್ತಲೇ ಇರುತ್ತದೆ. ಕೊನೆಯ ಒಬ್ಬರೇ ಉಳಿದಾಗ ಹೀಗೆ ತುಂಡಾಗುತ್ತದೆ.

ಇನ್ನೊಂದು, ದೃಶ್ಯದ ತಲೆ ಕತ್ತರಿಸಿಹೋಗುವುದು. ಚಲನೆ ಗೊತ್ತಾದ ಮೇಲೆ ಬರೆಯಲು ಶುರು ಮಾಡಿದರೆ ಬಾಗಿಲು ತೆಗೆದದ್ದು ಇರುವುದಿಲ್ಲ, ಕೋಣೆಯ ಮಧ್ಯದಲ್ಲಿ ಬೆನ್ನು ಹಾಕಿ ನಿಂತ ವ್ಯಕ್ತಿಯಿಂದ ದೃಶ್ಯ ಆರಂಭವಾಗುತ್ತದೆ. ಮುಖ ಕಂಡಿದ್ದ ಕ್ಷಣವೇ ಹೋಗಿರುತ್ತದೆ. ಇದಕ್ಕಾಗಿ ರೆಕಾರ್ಡರ್‌ಗಳಲ್ಲಿ `Pre-record` ಎಂಬ ಸೆಟ್ಟಿಂಗ್ ಇದೆ. ಚಲನೆಗೆ ಹಿಂದಿನ ಕೆಲವು ಸೆಕೆಂಡುಗಳನ್ನು ಸದಾ ನೆನಪಿನಲ್ಲಿಟ್ಟು ದೃಶ್ಯದ ಮುಂದೆ ಸೇರಿಸುತ್ತದೆ. ಇದನ್ನು ಕನಿಷ್ಠ 5 ಸೆಕೆಂಡಿಗೆ, ಹಾಗೆಯೇ ಚಲನೆ ನಿಂತ ಮೇಲೂ ಬರೆಯುವ `Post-record` ಅನ್ನು 30 ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚಿಗೆ ಇಡಿ. ಇದರಿಂದ ಡಿಸ್ಕಿಗೆ ಬೀಳುವ ಭಾರ ಅಲ್ಪ, ತಪ್ಪುವುದು ಬಹಳ ಕಡಿಮೆಯಾಗುತ್ತದೆ.

ಒಂದು ಮಾತು: ಮೋಷನ್ ಚೆನ್ನಾಗಿ ಕೆಲಸ ಮಾಡುವುದು ಗೋದಾಮಿನಂತಹ ಮುಚ್ಚಿದ ಕೋಣೆಯಲ್ಲಿ. ಗಾಳಿ ಇಲ್ಲ, ಮರ ಇಲ್ಲ, ಬೀಗ ಹಾಕಿದ ಮೇಲೆ ಒಳಗೆ ಏನು ಅಲುಗಾಡಿದರೂ ಅದು ನಮಗೆ ಗೊತ್ತಾಗಬೇಕಾದದ್ದೇ. ಒಂದೆರಡು ಇಲಿಯ ದೃಶ್ಯ ಬಂದರೆ ಬರಲಿ, ಪಶು ಆಹಾರದ ಚೀಲಕ್ಕೆ ಅದೂ ಒಂದು ಸುದ್ದಿಯೇ.

ಒಂದೊಂದು ಕ್ಯಾಮೆರಾಗೆ ಒಂದೊಂದು ವಿಧಾನ

ನಾಲ್ಕೂ ಕ್ಯಾಮೆರಾಗಳಿಗೆ ಒಂದೇ ವಿಧಾನ ಇರಬೇಕೆಂದಿಲ್ಲ. ಒಂದೇ ಕ್ಯಾಮೆರಾಗೂ ದಿನದ ಒಂದು ಹೊತ್ತಿಗೆ ನಿರಂತರ, ಇನ್ನೊಂದು ಹೊತ್ತಿಗೆ ಮೋಷನ್ ಎಂದು ವೇಳಾಪಟ್ಟಿಯಲ್ಲೇ ಬರೆಯಬಹುದು. ಹೀಗಾಗಿ ಮೊದಲು ಎರಡು ಪ್ರಶ್ನೆಗೆ ಉತ್ತರ ಕಂಡುಕೊಳ್ಳಿ. ಈ ಕ್ಯಾಮೆರಾದಿಂದ ನಮಗೆ ಯಾವ ಪ್ರಶ್ನೆಗೆ ಉತ್ತರ ಬೇಕು? ಆ ಪ್ರಶ್ನೆ ಏಳುವುದು ಎಷ್ಟು ದಿನದ ಮೇಲೆ? ನಮ್ಮ ಸಂಘದಲ್ಲಿ ಬಟವಾಡೆಗೆ 15 ದಿನ, ಬಿಲ್ ನೋಡಿ ದೂರು ಕೊಡಲು ಇನ್ನೊಂದು ವಾರ. ಒಟ್ಟು 22 ದಿನ ಉಳಿಯಲೇಬೇಕು.

ತೂಕದ ಮೇಜಿನಲ್ಲಿ ಅಂಕಿಯೇ ಘಟನೆ, ಆದ್ದರಿಂದ ಸಂಗ್ರಹದ ಹೊತ್ತಿನಲ್ಲಿ ನಿರಂತರ: ಬೆಳಿಗ್ಗೆ 5:30ರಿಂದ 9, ಸಂಜೆ 4:30ರಿಂದ 8. ಉಳಿದ ಹೊತ್ತು ಮೋಷನ್, ಅದು ಒಂದು ಗಂಟೆ ಆಗಬಹುದು. ಒಟ್ಟು 8 ಗಂಟೆ.

ಬಿಎಂಸಿ ಕೋಣೆ ಮುಚ್ಚಿದ ಕೋಣೆಯೇ ಆದರೂ ಅಲ್ಲಿ 24 ಗಂಟೆ ನಿರಂತರ ಇರಲಿ. ಹಾಲನ್ನು 4 ಡಿಗ್ರಿಗೆ ತಂಪು ಮಾಡಿ ಇಡಬೇಕು. ಕಂಪ್ರೆಸರ್ ನಿಂತರೆ ಫಲಕದ ಮೇಲಿನ ಅಂಕಿ ನಿಧಾನವಾಗಿ ಏರುತ್ತದೆ, ಕೋಣೆಯಲ್ಲಿ ಒಂದು ಎಲೆಯೂ ಅಲುಗಾಡುವುದಿಲ್ಲ. ಮೋಷನ್‌ಗೆ ಇದು ಏನೂ ನಡೆಯದ ರಾತ್ರಿ. ಬೆಳಿಗ್ಗೆ ಹಾಲು ಒಡೆದಿದ್ದರೆ ಊರಿನವರೆಲ್ಲರ ಹಾಲು ಒಟ್ಟಿಗೆ ಹೋಯಿತು. ಕಂಪ್ರೆಸರ್ ಯಾವಾಗ ನಿಂತಿತು, ಜನರೇಟರ್ ಹಾಕಿದ್ದರೋ ಇಲ್ಲವೋ ಎನ್ನುವ ಪ್ರಶ್ನೆಗೆ ನಿರಂತರ ದೃಶ್ಯ ಮಾತ್ರ ಉತ್ತರ ಹೇಳುತ್ತದೆ. ಅದಕ್ಕೆ ಕ್ಯಾಮೆರಾವನ್ನು ಫಲಕದ ಅಂಕಿ ಓದಲು ಬರುವಂತೆ ತಿರುಗಿಸಿರಬೇಕು.

ಜಗುಲಿಗೆ ಸಂಗ್ರಹದ ಹೊತ್ತು 7 ಗಂಟೆ ನಿರಂತರ, ಉಳಿದಂತೆ ರಸ್ತೆಯ ಚೌಕ ಅಳಿಸಿದ ಮೋಷನ್ 4 ಗಂಟೆ, ಒಟ್ಟು 11. ಗೋದಾಮಿಗೆ ಮೋಷನ್, 1 ಗಂಟೆ.

ಎಲ್ಲ ಕೂಡಿದರೆ 8, 24, 11 ಮತ್ತು 1, ಒಟ್ಟು 44 ಗಂಟೆ. 1,080 ಅನ್ನು 44ರಿಂದ ಭಾಗಿಸಿದರೆ 24 ದಿನ. ಬೇಕಾದದ್ದು 22. ಹೊಸ ಡಿಸ್ಕ್ ಕೊಳ್ಳದೆ, ಅದೇ 1 ಟಿಬಿಯಲ್ಲಿ 2ನೇ ತಾರೀಕಿನ ಬೆಳಗಿನ ದೃಶ್ಯ ಬಿಲ್ ಬಂದ ದಿನ ಸಿಗುತ್ತದೆ. ಮಳೆಗಾಲದಲ್ಲಿ ಮೋಷನ್ ಗಂಟೆಗಳು ಹೆಚ್ಚಿ 22ಕ್ಕಿಂತ ಇಳಿಯುವಂತೆ ಕಂಡರೆ ಆಗ ದೊಡ್ಡ ಡಿಸ್ಕಿನ ಮಾತು.

ದೂರು ಬಂದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಆ ದಿನದ, ಆ ಹೊತ್ತಿನ ದೃಶ್ಯವನ್ನು ಪೆನ್‌ಡ್ರೈವ್‌ಗೆ ತೆಗೆದಿಡುವುದು. "ಮುಂದಿನ ಸಭೆಯಲ್ಲಿ ನೋಡೋಣ" ಎಂದು ಬಿಟ್ಟರೆ ಸಭೆಯ ಹೊತ್ತಿಗೆ ಅದರ ಮೇಲೆ ಹೊಸದು ಬರೆದಿರುತ್ತದೆ.

ಕೊಟ್ಟಿಗೆಯಲ್ಲಿ: ಕರು ಹಾಕುವ ರಾತ್ರಿ

ಮನೆಯಲ್ಲಿ ರೆಕಾರ್ಡರ್ ಇರುವುದಿಲ್ಲ, ವೈಫೈ ಕ್ಯಾಮೆರಾದೊಳಗೆ ಮೆಮೊರಿ ಕಾರ್ಡ್ ಇರುತ್ತದೆ. ಲೆಕ್ಕ ಅದೇ. `1024` ಇಟ್ಟರೆ ದಿನಕ್ಕೆ ಸುಮಾರು 11 ಜಿಬಿ. 64 ಜಿಬಿ ಕಾರ್ಡಿನಲ್ಲಿ ನಿರಂತರಕ್ಕೆ ಐದು ದಿನ, 128 ಜಿಬಿಯಲ್ಲಿ ಹತ್ತು ಹನ್ನೊಂದು ದಿನ.

ಗಬ್ಬದ ಹಸು ಇರುವ ಕೊಟ್ಟಿಗೆಯಲ್ಲಿ ಕ್ಯಾಮೆರಾದಿಂದ ಬೇಕಾದ ಉತ್ತರ ಒಂದು ಸಮಯ. ನೀರಿನ ಚೀಲ ಯಾವಾಗ ಕಾಣಿಸಿತು, ಯಾವಾಗ ಒಡೆಯಿತು, ಕಸ ಯಾವಾಗ ಬಿತ್ತು ಎಂದು ಪಶುವೈದ್ಯರು ಮೊದಲು ಕೇಳುತ್ತಾರೆ. ನೀರಿನ ಚೀಲ ಕಂಡು ಎರಡು ಗಂಟೆಯಾದರೂ ಕರು ಬರದಿದ್ದರೆ ಕರೆಸಲೇಬೇಕು. ಕರು ಹಾಕಿ 12 ಗಂಟೆಯಾದರೂ ಕಸ ಬೀಳದಿದ್ದರೂ ಹಾಗೆಯೇ. ಬೆಳಿಗ್ಗೆ ಐದಕ್ಕೆ ಕೊಟ್ಟಿಗೆಗೆ ಹೋದಾಗ ನೀರಿನ ಚೀಲ ಒಡೆದು ಹಸು ತಿಣುಕುತ್ತಿದ್ದರೆ, ಅದು ಅರ್ಧ ಗಂಟೆಯ ಮಾತೋ ನಾಲ್ಕು ಗಂಟೆಯ ಮಾತೋ ಎನ್ನುವುದರ ಮೇಲೆ ಕರುವಿನ ಜೀವ ನಿಂತಿರುತ್ತದೆ.

ಇಲ್ಲಿ ವೇಳಾಪಟ್ಟಿ ಉಪಯೋಗಕ್ಕೆ ಬಾರದು, ಹಸು ಗಡಿಯಾರ ನೋಡಿ ಕರು ಹಾಕುವುದಿಲ್ಲ. ಮೋಷನ್ ಎರಡೂ ಕಡೆ ಕೈಕೊಡುತ್ತದೆ. ಹಸು ಬಾಲ ಬೀಸುವುದು, ಕಿವಿ ಆಡಿಸುವುದು, ನೊಣ, ಸೊಳ್ಳೆ, ಗಾಳಿಗೆ ಅಲುಗಾಡುವ ಗೋಣಿ ಪರದೆ, ಇವಕ್ಕೆಲ್ಲ ದೃಶ್ಯ ಶುರುವಾಗಿ ಕಾರ್ಡ್ ನಿರಂತರದಷ್ಟೇ ಬೇಗ ತುಂಬಬಹುದು. ಇದು ಬೇಡವೆಂದು `Sensitivity` ಇಳಿಸಿದರೆ, ಕ್ಯಾಮೆರಾದಿಂದ ದೂರದ ಗೊಂತಿನಲ್ಲಿ ಮಲಗಿ ಮೆಲ್ಲಗೆ ತಿಣುಕುವ ಹಸು ಚಲನೆಯ ಲೆಕ್ಕಕ್ಕೇ ಬರುವುದಿಲ್ಲ. ಅದು ಎದ್ದು ಮಲಗಿದಾಗ ಒಂದು ತುಂಡು, ಮತ್ತೆ ಒಂದು ಗಂಟೆ ಏನೂ ಇಲ್ಲ, ಆಮೇಲೆ ಕರು ನೆಲದ ಮೇಲೆ. ವೈದ್ಯರಿಗೆ ಬೇಕಾದ ಸಮಯ ಆ ಖಾಲಿ ಗಂಟೆಯೊಳಗೆ ಇತ್ತು.

ಆದ್ದರಿಂದ ಗಬ್ಬ ಕಟ್ಟಿಸಿದ ದಿನದಿಂದ ಎಣಿಸಿ 270ನೇ ದಿನಕ್ಕೆ ಕ್ಯಾಮೆರಾವನ್ನು ನಿರಂತರಕ್ಕೆ ಹಾಕಿ, ಕಸ ಬೀಳುವವರೆಗೂ ಹಾಗೇ ಬಿಡಿ. ಹಳೆಯ ದಿನಗಳು ಅಳಿದರೆ ಚಿಂತೆಯಿಲ್ಲ, ಇಲ್ಲಿ ನಮಗೆ ಬೇಕಾದದ್ದು ನಿನ್ನೆಯ ರಾತ್ರಿಯದು ಮಾತ್ರ. ಸಂಘದಲ್ಲಿ 22 ದಿನ ಬೇಕಿತ್ತು, ಕೊಟ್ಟಿಗೆಯಲ್ಲಿ ಎರಡು ದಿನ ಸಾಕು. ಆದರೆ ಆ ಎರಡು ದಿನದಲ್ಲಿ ಒಂದು ನಿಮಿಷವೂ ತಪ್ಪಬಾರದು. ಎಷ್ಟೋ ಕ್ಯಾಮೆರಾಗಳಲ್ಲಿ ನಿರಂತರವಾಗಿ ಬರೆಯುತ್ತಲೇ ಚಲನೆ ಕಂಡ ಜಾಗಕ್ಕೆ ಬೇರೆ ಬಣ್ಣದ ಗುರುತು ಬೀಳುತ್ತದೆ. ಆ ಗುರುತು ದಟ್ಟವಾದ ಕಡೆಯಿಂದ ಹುಡುಕಲು ಶುರು ಮಾಡಿದರೆ ಇಡೀ ರಾತ್ರಿ ನೋಡಬೇಕಿಲ್ಲ. ಬಿಡದೆ ಬರೆಯುವ ಕೆಲಸಕ್ಕೆ ಕಾರ್ಡ್ ಬೇಗ ಸವೆಯುತ್ತದೆ, ಕೊಳ್ಳುವಾಗ ಕ್ಯಾಮೆರಾಗೆಂದೇ ಬರುವ, ಮೇಲೆ `Endurance` ಎಂದು ಬರೆದಿರುವ ಕಾರ್ಡ್ ಕೇಳಿ.

ರೆಕಾರ್ಡಿಂಗ್ ನಿಮ್ಮನ್ನು ನಿದ್ದೆಯಿಂದ ಎಬ್ಬಿಸುವುದಿಲ್ಲ ಎನ್ನುವುದು ನೆನಪಿರಲಿ. ರಾತ್ರಿ ಎದ್ದು ಹಸು ನೋಡುವ ರೂಢಿಯನ್ನು ಅದು ತಪ್ಪಿಸದು. ನೀವು ನೋಡದ ಹೊತ್ತಿನಲ್ಲಿ ಏನಾಯಿತು ಎಂದು ಹೇಳುತ್ತದೆ, ಅಷ್ಟೆ.

ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ?

ಹೊಸ ಸೆಟ್ಟಿಂಗ್ ಹಾಕಿದ ಮಾರನೆಯ ದಿನ ಹಳೆಯ ದೃಶ್ಯ ನೋಡುವ ಪುಟ ತೆರೆಯಿರಿ. ಕೆಳಗೆ 24 ಗಂಟೆಯ ಒಂದು ಪಟ್ಟಿ ಕಾಣುತ್ತದೆ. ನಿರಂತರ ಇದ್ದ ಹೊತ್ತಿಗೆ ಬಣ್ಣ ಎಲ್ಲಿಯೂ ಕಡಿಯದೆ ಉದ್ದಕ್ಕೆ ಇರಬೇಕು. ಮೋಷನ್ ಇದ್ದ ಹೊತ್ತಿಗೆ ಬೇರೆ ಬಣ್ಣದ ತುಂಡುಗಳು ಇರಬೇಕು. ನಿರಂತರ ಪಟ್ಟಿಯ ನಡುವೆ ಖಾಲಿ ಜಾಗ ಕಂಡರೆ ಆ ಹೊತ್ತಿನಲ್ಲಿ ಕರೆಂಟ್ ಹೋಗಿತ್ತೇ ಎಂದು ಕೇಳಿ. ಕರೆಂಟ್ ಇಲ್ಲದಾಗ ಮೂರು ವಿಧಾನವೂ ಒಂದೇ, ಯಾವುದೂ ಬರೆಯುವುದಿಲ್ಲ. ಅದಕ್ಕೆ ರೆಕಾರ್ಡರ್ ಮತ್ತು ಕ್ಯಾಮೆರಾ ಎರಡಕ್ಕೂ ಯುಪಿಎಸ್ ಸಂಪರ್ಕ ಬೇಕು.

ಮೋಷನ್ ಪರೀಕ್ಷೆಯನ್ನು ಹಗಲು ಮಾಡಿದರೆ ಸಾಲದು. ರಾತ್ರಿ ದೀಪ ಆರಿಸಿ, ಒಬ್ಬರು ಬಾಗಿಲಿನಿಂದ ಮೂಲೆಯವರೆಗೆ ನಿಧಾನವಾಗಿ ನಡೆಯಿರಿ, ಮೂಲೆಯಲ್ಲಿ ಒಂದು ನಿಮಿಷ ಅಲುಗಾಡದೆ ನಿಂತು ಹಿಂತಿರುಗಿ. ಬಾಗಿಲು ತೆರೆದದ್ದರಿಂದ ಹೊರಗೆ ಹೋದದ್ದರವರೆಗೆ ದೃಶ್ಯ ಒಂದೇ ಸಮ ಇದ್ದರೆ ಸೆಟ್ಟಿಂಗ್ ಸರಿ. ಮೂಲೆಯಲ್ಲಿ ನಿಂತದ್ದು ಕತ್ತರಿಸಿಹೋಗಿದ್ದರೆ `Post-record` ಹೆಚ್ಚಿಸಿ. ದೂರದ ಮೂಲೆ ಕತ್ತಲೆಯಲ್ಲಿ ಕಾಣುತ್ತಲೇ ಇಲ್ಲವೆಂದರೆ ಯಾವ ಸೆಟ್ಟಿಂಗೂ ಸಹಾಯಕ್ಕೆ ಬರದು, ಅಲ್ಲಿಗೆ ಒಂದು ದೀಪ ಬೇಕು.

ಇದಾದ ಮೇಲೆ ಪ್ರತಿ ಬಟವಾಡೆಯ ದಿನ ಎರಡು ಸಾಲು ಬರೆದಿಡುವ ಪುಸ್ತಕ ಸಂಘದಲ್ಲಿರಲಿ. ರೆಕಾರ್ಡರ್‌ನ ಗಡಿಯಾರ ಫೋನಿನ ಗಡಿಯಾರಕ್ಕೆ ಹೊಂದುತ್ತದೆಯೇ? ಡಿಸ್ಕಿನಲ್ಲಿ ಸಿಗುವ ಅತಿ ಹಳೆಯ ತಾರೀಕು ಯಾವುದು? ಮೊದಲ ಸಾಲು ವೇಳಾಪಟ್ಟಿಯನ್ನು ಕಾಯುತ್ತದೆ. ಎರಡನೆಯ ಸಾಲಿನಲ್ಲಿ ಇಂದಿನಿಂದ ಹಿಂದಕ್ಕೆ ಎಣಿಸಿದರೆ 22ಕ್ಕಿಂತ ಕಡಿಮೆ ದಿನ ಬಂದರೆ ಯಾವ ಕ್ಯಾಮೆರಾ ಹೆಚ್ಚು ತಿನ್ನುತ್ತಿದೆ ಎಂದು ಅಂದೇ ಹುಡುಕಿ.